ನಾಳೆ ನೀಟ್ ಬರೆಯುವ ಗೆಳತಿಗೆ ಇವತ್ತು ಏನು ಬರೆಯಬೇಕು?

2023ರಲ್ಲಿ, 2024ರಲ್ಲಿ, 2025ರಲ್ಲಿ ನೀಟ್ ಪರೀಕ್ಷೆ ನಡೆದದ್ದು ಮೇ ತಿಂಗಳ ಮೊದಲ ಭಾನುವಾರ. ಹಾಗಾಗಿ ಅದರ ಹಿಂದಿನ ಶನಿವಾರ ಸಂಜೆ ಮಂಗಳೂರಿನಲ್ಲಿ ಸಾವಿರಾರು ಮೊಬೈಲುಗಳು ಒಂದೇ ಸಮನೆ ಟಿಣ್ ಟಿಣ್ ಎನ್ನುತ್ತಿರುತ್ತವೆ. ಚಿಕ್ಕಮ್ಮ, ಮಾವ, ಟ್ಯೂಷನ್ ಟೀಚರ್, ಹೈಸ್ಕೂಲಿನ ಹಳೆಯ ಗುಂಪು, ಹಾಸ್ಟೆಲಿನ ಗೆಳತಿಯರು ಎಲ್ಲರಿಂದಲೂ ‘ಆಲ್ ದ ಬೆಸ್ಟ್’. ಕೆಲವರದ್ದು ಗಣಪತಿಯ ಚಿತ್ರದ ಜೊತೆ, ಕೆಲವರದ್ದು ಸ್ಟೆತಸ್ಕೋಪಿನ ಇಮೋಜಿ ಜೊತೆ. ಕಳಿಸಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಆದರೆ ಓದುವವಳು ಒಬ್ಬಳೇ. ಇಪ್ಪತ್ತು ಮಂದಿಯ ನಿರೀಕ್ಷೆಯನ್ನು ಒಂದು ಗಂಟೆಯೊಳಗೆ ಓದಿ, ಇಪ್ಪತ್ತು ಮಂದಿಗೂ ‘ಥ್ಯಾಂಕ್ಯೂ’ ಬರೆದು, ಆಮೇಲೆ ಅವಳು ಮಲಗಬೇಕು.

ನಿಮ್ಮ ಸಂದೇಶ ಈ ರಾಶಿಗೆ ಇಪ್ಪತ್ತೊಂದನೆಯದಾಗಿ ಸೇರದೆ ಅವಳ ಹೊರೆಯನ್ನು ಸ್ವಲ್ಪವಾದರೂ ಇಳಿಸಬೇಕೆಂದರೆ ಯಾವಾಗ, ಏನು, ಎಷ್ಟು ಬರೆಯಬೇಕು ಎಂಬುದು ಈ ಲೇಖನದ ವಿಷಯ. ನೀಟ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕೊನೆಯಲ್ಲಿ ಬ್ಯಾಂಕ್ ಇಂಟರ್‌ವ್ಯೂಗೆ ಹೋಗುವವರಿಗೆ ಏನು ಬದಲಾಗುತ್ತದೆ ಎಂಬುದೂ ಇದೆ.

ಹಾರೈಕೆಯಿಂದ ಅಂಕ ಹೆಚ್ಚುತ್ತದೆಯೇ?

ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ನಿಜವಾಗಿಯೂ ಕೇಳಿ ನೋಡಿದ್ದಾರೆ. 2010ರಲ್ಲಿ ಜರ್ಮನಿಯ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ‘ಇದು ಅದೃಷ್ಟದ ಚೆಂಡು’ ಎಂದು ಹೇಳಿ ಕೊಟ್ಟರೆ ಗಾಲ್ಫ್ ಚೆಂಡನ್ನು ಗುಳಿಗೆ ಹಾಕುವವರ ಗುರಿ ಸುಧಾರಿಸುತ್ತದೆ ಎಂದು ಅದರಲ್ಲಿತ್ತು. ಸುದ್ದಿ ಲೋಕವೆಲ್ಲ ಹಬ್ಬಿತು. 2014ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಹೆಚ್ಚು ಜನರನ್ನು ಸೇರಿಸಿಕೊಂಡು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಹಾಗಾಗಿ ನಮ್ಮ ಒಂದು ಸಾಲು ಅವಳಿಗೆ ನಾಲ್ಕು ಅಂಕ ಕೊಡಿಸುತ್ತದೆ ಎಂಬ ಆಸೆ ಬೇಡ. ಆದರೆ ಅದೇ ಒಂದು ಸಾಲು ನಾಲ್ಕು ಅಂಕ ಕಳೆಯುವ ಸಾಧ್ಯತೆ ಮಾತ್ರ ಇದ್ದೇ ಇದೆ. ಅದು ಹೇಗೆಂದು ನೋಡೋಣ.

2025ರ ನೀಟ್‌ನಲ್ಲಿ 180 ಪ್ರಶ್ನೆಗಳಿದ್ದವು, ಸಮಯ 180 ನಿಮಿಷ. ಒಂದು ಪ್ರಶ್ನೆಗೆ ಸರಾಸರಿ ಒಂದು ನಿಮಿಷ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಇಂಥ ಪರೀಕ್ಷೆಯಲ್ಲಿ ಅತಿ ಎಚ್ಚರ ಎನ್ನುವುದೂ ಒಂದು ಶತ್ರು. ‘ತಪ್ಪಬಾರದು, ತಪ್ಪಬಾರದು’ ಎಂದುಕೊಂಡು ಗೊತ್ತಿರುವ ಉತ್ತರವನ್ನೇ ಮೂರು ಸಲ ನೋಡುವವಳಿಗೆ ಕೊನೆಯ ಇಪ್ಪತ್ತು ಪ್ರಶ್ನೆ ಓದಲೂ ಸಮಯ ಸಿಗುವುದಿಲ್ಲ.

ಈ ಅತಿ ಎಚ್ಚರ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ ಜೆನಿಫರ್ ಬಟ್ಲರ್ ಮತ್ತು ರಾಯ್ ಬಾಮೈಸ್ಟರ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸುಳಿವು ಕೊಡುತ್ತದೆ. ಕಷ್ಟದ ಕೆಲಸವೊಂದನ್ನು ತಮ್ಮ ಗೆಲುವು ಬಯಸುವವರ ಎದುರು ಮಾಡಿದವರು ನಿಧಾನವಾದರು, ಜಾಗ್ರತೆ ಹೆಚ್ಚಿಸಿದರು. ಆದರೆ ತಪ್ಪುಗಳೇನೂ ಕಡಿಮೆಯಾಗಲಿಲ್ಲ. ವಿಚಿತ್ರವೆಂದರೆ, ಹೀಗೆ ಹಿನ್ನಡೆ ಕಂಡವರಿಗೂ ನಮ್ಮವರು ಎದುರಿಗಿದ್ದದ್ದೇ ಹಿತವೆನಿಸಿತ್ತು. ನಿಮ್ಮ ಗೆಳತಿ ‘ನಿನ್ನ ಮೆಸೇಜ್ ನೋಡಿ ತುಂಬ ಖುಷಿಯಾಯ್ತು’ ಎಂದರೆ ಅದು ನಿಜವೇ. ಆದರೆ ಅದೇ ಮೆಸೇಜು ಮರುದಿನ ಹಾಲಿನಲ್ಲಿ ಅವಳ ಹೆಗಲ ಮೇಲೆ ಕೂತಿರಲಿಲ್ಲ ಎನ್ನಲು ಆ ಖುಷಿ ಸಾಕ್ಷಿಯಾಗುವುದಿಲ್ಲ. ನಿಮ್ಮ ಆಸೆಯನ್ನು ಪರೀಕ್ಷಾ ಹಾಲಿನ ಒಳಗೆ ಕಳಿಸಬೇಡಿ ಎನ್ನುವುದೇ ಇದರಿಂದ ಸಿಗುವ ಮೊದಲ ಸೂತ್ರ.

ಒಂದು ಮೆಸೇಜನ್ನು ಬಿಡಿಸಿ ನೋಡೋಣ

ಒಂದು ಸಂದರ್ಭ ಊಹಿಸಿಕೊಳ್ಳೋಣ. ನಿಮ್ಮ ಮನೆ ಬಿಜೈಯಲ್ಲಿ. ಪಿಯುಸಿಯಲ್ಲಿ ಜೊತೆಗಿದ್ದ ಗೆಳತಿಯ ಮನೆ ಸುರತ್ಕಲ್‌ನಲ್ಲಿ. ಹೋದ ಸಲ ನೀಟ್‌ನಲ್ಲಿ ಅವಳಿಗೆ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಮಾಡಿ ಈಗ ಎರಡನೇ ಸಲ ಬರೆಯುತ್ತಿದ್ದಾಳೆ. ಪರೀಕ್ಷಾ ಕೇಂದ್ರ ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಶನಿವಾರ ರಾತ್ರಿ ಹತ್ತು ಗಂಟೆಗೆ ನೀವು ಹೀಗೆ ಬರೆಯುತ್ತೀರಿ:

“ಆಲ್ ದ ಬೆಸ್ಟ್ ಫ್ಯೂಚರ್ ಡಾಕ್ಟರ್!! ಈ ಸಲ ನೀನು ಕ್ರ್ಯಾಕ್ ಮಾಡಿಯೇ ಮಾಡ್ತಿ, ನಂಗೆ ನೂರಕ್ಕೆ ನೂರು ಗ್ಯಾರಂಟಿ. ಹೋದ ವರ್ಷದ್ದನ್ನು ಮರ್ತುಬಿಡು. ಟೆನ್ಶನ್ ಮಾಡ್ಬೇಡ. ನಿನ್ನ ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟಿದ್ದಾರೆ, ಅವರಿಗೋಸ್ಕರ ಚೆಂದ ಬರಿ. ರಿವಿಷನ್ ಎಲ್ಲ ಆಯ್ತಾ?”

ಓದಲು ಪ್ರೀತಿಯ ಮೆಸೇಜೇ. ಈಗ ಇದನ್ನು ಅವಳ ಹಾಸಿಗೆಯ ಮೇಲೆ ಕೂತು ಓದಿ ನೋಡಿ.

‘ಗ್ಯಾರಂಟಿ’ ಎಂದದ್ದು ನೀವು, ಉಳಿಸಿಕೊಡಬೇಕಾದದ್ದು ಅವಳು. 2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ಯಾರ ಫಲಿತಾಂಶಕ್ಕೂ ಯಾರೂ ಗ್ಯಾರಂಟಿ ಕೊಡುವಂತಿಲ್ಲ ಎಂದು ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಆ ಮಾತು ಧೈರ್ಯ ಕೊಡುವುದಿಲ್ಲ, ‘ಆಗದಿದ್ದರೆ ಇವಳಿಗೆ ಹೇಗೆ ಮುಖ ತೋರಿಸಲಿ’ ಎಂಬ ಇನ್ನೊಂದು ಚಿಂತೆ ಕೊಡುತ್ತದೆ. ‘ಫ್ಯೂಚರ್ ಡಾಕ್ಟರ್’ ಮಾಡುವುದೂ ಇದೇ ಕೆಲಸ.

‘ಹೋದ ವರ್ಷದ್ದನ್ನು ಮರ್ತುಬಿಡು’ ಎಂದ ಕೂಡಲೇ ಹೋದ ವರ್ಷ ಎದುರು ಬಂದು ನಿಂತಿತು. ಎರಡನೇ ಸಲ ಬರೆಯುವವರಿಗೆ ಮೊದಲ ಸಲದ ನೆನಪು ತರಿಸುವ ಯಾವ ಮಾತೂ ಬೇಡ, ಸಮಾಧಾನದ್ದಾದರೂ ಬೇಡ. ‘ಈ ಸಲ’ ಎಂಬ ಎರಡು ಪದಗಳೂ ಅದೇ ಗಾಯವನ್ನು ಮುಟ್ಟುತ್ತವೆ.

‘ಟೆನ್ಶನ್ ಮಾಡ್ಬೇಡ’ ಎನ್ನುವುದರಿಂದ ಟೆನ್ಶನ್ ಹೋದದ್ದನ್ನು ಯಾರೂ ಕಂಡಿಲ್ಲ. ಎದೆ ಡವಡವ ಎನ್ನುವುದು ಸಹಜ. ಬೇಡ ಎಂದರೂ ಅದು ನಿಲ್ಲದಿದ್ದಾಗ ‘ನನಗೇ ಏನೋ ಆಗಿದೆ’ ಎಂಬ ಭಯ ಹೆಚ್ಚಾಗಿ ಸೇರುತ್ತದೆ.

ಅಪ್ಪ ಅಮ್ಮನ ಕಷ್ಟವನ್ನು ನೆನಪಿಸುವ ಸಾಲು ಎಲ್ಲಕ್ಕಿಂತ ಭಾರ. ಕೋಚಿಂಗ್ ಫೀಸಿನ ಲೆಕ್ಕ ಅವಳ ತಲೆಯಲ್ಲಿ ಆಗಲೇ ಇದೆ. ಪರೀಕ್ಷೆಯ ಮುನ್ನಾದಿನ ಅದನ್ನು ನೆನಪಿಸಿದರೆ ಒಂದು ಪ್ರಶ್ನೆ ಪತ್ರಿಕೆ ಮನೆಯವರ ಸಾಲದ ಪತ್ರವಾಗಿಬಿಡುತ್ತದೆ.

ಕೊನೆಯ ಪ್ರಶ್ನೆಗೆ ಅವಳು ಉತ್ತರ ಕೊಡಲೇಬೇಕು. ‘ಆಯ್ತು’ ಎಂದರೆ ಸುಳ್ಳು, ಯಾಕೆಂದರೆ ಯಾರ ರಿವಿಷನ್ನೂ ಪೂರ್ತಿಯಾಗಿರುವುದಿಲ್ಲ. ‘ಇಲ್ಲ’ ಎಂದರೆ ನೀವು ಸಮಾಧಾನ ಹೇಳಲು ತೊಡಗುತ್ತೀರಿ, ಅರ್ಧ ಗಂಟೆ ಹೋಗುತ್ತದೆ. ಅದೂ ರಾತ್ರಿ ಹತ್ತರ ಮೇಲೆ.

ತಿದ್ದುವ ಕೆಲಸ ಮೆಸೇಜಿನಿಂದ ಶುರುವಾಗುವುದಿಲ್ಲ

ಏನನ್ನು ತೆಗೆಯಬೇಕೆಂದು ಗೊತ್ತಾಯಿತು. ಏನನ್ನು ಇಡಬೇಕು? ಇದಕ್ಕೆ ಉತ್ತರ ಹುಡುಕುವಾಗ ನೆರವಾಗುವುದು ನಯಲ್ ಬೋಲ್ಜರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ. ನ್ಯೂಯಾರ್ಕಿನಲ್ಲಿ ವಕೀಲಿಕೆಯ ಅರ್ಹತೆಗಾಗಿ ಬಾರ್ ಪರೀಕ್ಷೆಗೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳು ಇಬ್ಬರಿಂದಲೂ ದಿನದಿನವೂ ಪ್ರತ್ಯೇಕ ದಿನಚರಿ ಬರೆಸಲಾಯಿತು. ಇವತ್ತು ನೀನು ಸಹಾಯ ಮಾಡಿದೆಯಾ ಎಂದು ಸಂಗಾತಿಗೆ, ಇವತ್ತು ನಿನಗೆ ಸಹಾಯ ಸಿಕ್ಕಿತೇ ಎಂದು ಓದುವವರಿಗೆ. ಸಹಾಯ ಸಿಕ್ಕಿತು ಎಂದು ಓದುವವರೇ ಬರೆದ ದಿನಗಳ ಬಳಿಕ ಅವರ ಮನಸ್ಸು ಹಗುರವಾಗಿರಲಿಲ್ಲ, ಕುಗ್ಗಿಯೇ ಇತ್ತು. ಸಂಗಾತಿ ಸಹಾಯ ಮಾಡಿದ್ದರೂ ಓದುವವರ ಗಮನಕ್ಕೇ ಬಾರದೆ ಹೋದ ದಿನಗಳೇ ಹೆಚ್ಚು ಹಿತವಾದವು. ಕಾರಣ ಊಹಿಸುವುದು ಕಷ್ಟವಲ್ಲ. ‘ನಾನು ನಿನಗೆ ಸಹಾಯ ಮಾಡುತ್ತಿದ್ದೇನೆ’ ಎಂದು ತೋರಿಸಿಕೊಟ್ಟರೆ ‘ನೀನು ಕಷ್ಟದಲ್ಲಿದ್ದಿ’ ಎಂದೂ ಹೇಳಿದಂತಾಗುತ್ತದೆ, ಮೇಲಿಂದ ಋಣವೂ ಬೀಳುತ್ತದೆ.

ನಮ್ಮ ಉದಾಹರಣೆಗೆ ಬನ್ನಿ. ನೀಟ್ ದಿನ ಬೆಳಿಗ್ಗೆ 11 ಗಂಟೆಯಿಂದ ಅಭ್ಯರ್ಥಿಗಳನ್ನು ಒಳಗೆ ಬಿಡುತ್ತಾರೆ. ಮಧ್ಯಾಹ್ನ 1.30ಕ್ಕೆ ಗೇಟು ಹಾಕುತ್ತಾರೆ, 2ರಿಂದ 5ರ ತನಕ ಪರೀಕ್ಷೆ. ಮೊಬೈಲ್, ಬ್ಯಾಗು ಒಳಗೆ ಒಯ್ಯುವಂತಿಲ್ಲ. ಜೊತೆಗೆ ಬಂದ ಅಮ್ಮ ಮಗಳ ಬ್ಯಾಗು ಹಿಡಿದುಕೊಂಡು ಸಂಜೆಯ ತನಕ ಹೊರಗೆ. ಮೇ ತಿಂಗಳ ಮಂಗಳೂರಿನ ಸೆಕೆ ಹೇಗೆಂದು ಹೇಳಬೇಕಾಗಿಲ್ಲ. ಸಂಜೆ ಗುಡುಗು ಮಳೆ ಬಂದರೆ ನಿಲ್ಲಲು ಜಾಗವೂ ಇರುವುದಿಲ್ಲ. ‘ಅಮ್ಮ ಎಲ್ಲಿ ಕೂತಿರಬಹುದು, ಊಟ ಮಾಡಿದರೋ ಇಲ್ಲವೋ’ ಎಂಬ ಯೋಚನೆ ಮಗಳನ್ನು ಹಾಲಿನ ಒಳಗೂ ಬಿಡುವುದಿಲ್ಲ.

ನಿಮ್ಮ ಮನೆ ಅಲ್ಲೇ ಹತ್ತಿರ. ಹಾಗಾದರೆ ನೀವು ಮೊದಲು ಮಾತಾಡಬೇಕಾದದ್ದು ಗೆಳತಿಯ ಹತ್ತಿರ ಅಲ್ಲ, ಅವಳ ಅಮ್ಮನ ಹತ್ತಿರ. ಶುಕ್ರವಾರವೇ ಫೋನ್ ಮಾಡಿ: “ಆಂಟಿ, ಭಾನುವಾರ ಅವಳನ್ನು ಗೇಟಿನ ಹತ್ರ ಬಿಟ್ಟು ನೀವು ನಮ್ಮ ಮನೆಗೆ ಬನ್ನಿ. ಊಟ ಮಾಡಿ ಸ್ವಲ್ಪ ಮಲಗಿ, ಐದು ಗಂಟೆಗೆ ಒಟ್ಟಿಗೆ ಹೋಗುವ.” ಭಾನುವಾರ ಕೆಲವು ಸಿಟಿ ಬಸ್ಸುಗಳ ಟ್ರಿಪ್ಪು ಕಡಿಮೆ ಇರುತ್ತದೆ, ಕೇಂದ್ರದ ರಸ್ತೆಯಲ್ಲಿ ಕೆಲಸ ನಡೆಯುತ್ತಿರಬಹುದು. ಅಂಥದ್ದೇನಾದರೂ ನಿಮಗೆ ಗೊತ್ತಿದ್ದರೆ ಅದನ್ನೂ ಅಮ್ಮನಿಗೋ ಅಪ್ಪನಿಗೋ ಹೇಳಿ. ‘ಅಡ್ಮಿಟ್ ಕಾರ್ಡ್ ಮರೀಬೇಡ, ಫೋಟೋ ಮರೀಬೇಡ, ಶೂ ಹಾಕ್ಬೇಡ’ ಎಂಬ ಪಟ್ಟಿಯನ್ನು ಗೆಳತಿಗೆ ಕಳಿಸುವುದು ಬೇಡ. ಅದನ್ನು ಅವಳು ಹತ್ತು ಸಲ ಓದಿರುತ್ತಾಳೆ.

ಇಷ್ಟು ಮಾಡಿದ ಮೇಲೆ ಮೆಸೇಜಿಗೆ ತಾನಾಗಿಯೇ ವಿಷಯ ಸಿಗುತ್ತದೆ:

“ಮಾರಾಯ್ತಿ, ನಾಳೆ ನಿನ್ನ ಅಮ್ಮ ಊಟಕ್ಕೆ ನಮ್ಮಲ್ಲಿ. ಐದು ಗಂಟೆಗೆ ನಾವಿಬ್ಬರೂ ಗೇಟಿನ ಹತ್ರ ಇರ್ತೇವೆ. ಹೋದ ತಿಂಗಳು ನೀನು ಪೇಪರ್ ತುಂಡಲ್ಲಿ ಹೃದಯದ ಚಿತ್ರ ಬಿಡಿಸಿ ನಂಗೆ ರಕ್ತ ಹೋಗುವ ದಾರಿ ತೋರಿಸಿದ್ದು ಈಗಲೂ ತಲೇಲಿ ಉಂಟು. ಎಡ್ಡೆ ಆವಡ್. ರಿಪ್ಲೈ ಬೇಡ.”

ಇದರಲ್ಲಿ ಮೂರು ಕೆಲಸ ನಡೆದಿದೆ. ಮೊದಲನೆಯದು, ಒಂದು ಚಿಂತೆ ಇಳಿಯಿತು. ಅದನ್ನು ಉಪಕಾರದಂತೆ ಹೇಳದೆ ನಾಳೆಯ ಏರ್ಪಾಡಿನಂತೆ ಹೇಳಿದೆ. ‘ನಿನಗಾಗಿ ನಾನು’ ಎಂಬ ಮಾತು ಎಲ್ಲಿಯೂ ಇಲ್ಲ.

ಎರಡನೆಯದು, ಪ್ರೋತ್ಸಾಹ ನಾಳೆಯ ಫಲಿತಾಂಶದ ಬಗ್ಗೆ ಅಲ್ಲ, ನಿನ್ನೆ ಮೊನ್ನೆ ನೀವು ಕಣ್ಣಾರೆ ಕಂಡ ಒಂದು ಸಂಗತಿಯ ಬಗ್ಗೆ. ‘ನೀನು ತುಂಬ ಬುದ್ಧಿವಂತೆ’ ಎಂದರೆ ಅವಳು ಒಳಗೊಳಗೇ ಅದನ್ನು ಅಲ್ಲಗಳೆಯಬಹುದು. ಚಿತ್ರ ಬಿಡಿಸಿ ವಿವರಿಸಿದ್ದನ್ನು ಅಲ್ಲಗಳೆಯಲು ಆಗುವುದಿಲ್ಲ, ಅದು ನಡೆದುಹೋದ ಸಂಗತಿ. ಇಂಥ ಒಂದು ಸಂಗತಿ ನಿಮಗೆ ನೆನಪಾಗದಿದ್ದರೆ ಆ ಸಾಲನ್ನೇ ಬಿಡಿ. ಕಟ್ಟಿ ಹೇಳಿದ ಹೊಗಳಿಕೆ ಹಳೇ ಗೆಳತಿಗೆ ತಕ್ಷಣ ಗೊತ್ತಾಗುತ್ತದೆ.

ಮೂರನೆಯದು, ‘ರಿಪ್ಲೈ ಬೇಡ’. ಆ ರಾತ್ರಿ ನೀವು ಕೊಡಬಹುದಾದ ಅತಿ ಅಗ್ಗದ, ಅತಿ ಉಪಯುಕ್ತ ಉಡುಗೊರೆ ಇದು. ಹೇಳಿದ ಮೇಲೆ ನೀಲಿ ಟಿಕ್ ಬಂತೇ ಎಂದು ನೋಡುತ್ತಾ ಕೂರಬೇಡಿ.

ಮಾತಿನ ಧಾಟಿಯ ಬಗ್ಗೆಯೂ ಒಂದು ಮಾತು. ನೀವಿಬ್ಬರೂ ದಿನಾ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹರಟುವವರಾದರೆ ಆ ದಿನವೂ ಹಾಗೆಯೇ ಬರೆಯಿರಿ. ಯಾವತ್ತೂ ‘ಮಾರಾಯ್ತಿ’ ಎನ್ನುವವರು ಅವತ್ತು ಇದ್ದಕ್ಕಿದ್ದಂತೆ ‘ಪ್ರೀತಿಯ ಗೆಳತಿಗೆ ಹೃತ್ಪೂರ್ವಕ ಶುಭ ಹಾರೈಕೆಗಳು’ ಎಂದರೆ ನಾಳೆ ಏನೋ ಭಾರೀ ದೊಡ್ಡದು ನಡೆಯಲಿಕ್ಕುಂಟು ಎಂದು ಆ ಧಾಟಿಯೇ ಸಾರಿಬಿಡುತ್ತದೆ.

ಗಂಟೆ ಎಷ್ಟಕ್ಕೆ?

ಶನಿವಾರ ಸಂಜೆ ಆರರಿಂದ ಎಂಟರ ನಡುವೆ ಒಳ್ಳೆಯ ಹೊತ್ತು. ಓದಿ, ನಕ್ಕು, ಬದಿಗಿಟ್ಟು ಮಲಗಲು ಸಮಯ ಉಳಿಯುತ್ತದೆ. ಒಂಬತ್ತರ ಮೇಲೆ ಬೇಡ. ತಡವಾಗಿ ನೆನಪಾದರೆ ಕಳಿಸದೇ ಇರುವುದು ಉತ್ತಮ, ಅವಳು ತಪ್ಪು ತಿಳಿಯುವುದಿಲ್ಲ. ಭಾನುವಾರ ಬೆಳಿಗ್ಗೆ ಕರೆ ಮಾಡಬೇಡಿ. ಹನ್ನೊಂದರ ಮೇಲೆ ಮೊಬೈಲ್ ಅಮ್ಮನ ಬ್ಯಾಗು ಸೇರಿರುತ್ತದೆ. ಆಗ ಕಳಿಸಿದ ಹಾರೈಕೆ ತಲುಪುವುದು ಪರೀಕ್ಷೆ ಮುಗಿದ ಮೇಲೆ, ಅದೂ ಫಿಸಿಕ್ಸ್ ಕೈಕೊಟ್ಟು ಹೊರಗೆ ಬಂದವಳಿಗೆ.

ಮುನ್ನಾದಿನ ಕಳಿಸಲೇಬಾರದ ಎರಡು ಸಂಗತಿಗಳಿವೆ. ಒಂದು, ‘ಇದು ಬರ್ತದಂತೆ, ಒಮ್ಮೆ ನೋಡು’ ಎಂಬ ಫಾರ್ವರ್ಡ್. ಸೋರಿಕೆಯಾದ ಪತ್ರಿಕೆಯ ಹೆಸರಿನಲ್ಲಿ ಹರಿದಾಡುವುದನ್ನಂತೂ ಮುಟ್ಟಲೇಬೇಡಿ. ಪ್ರಾಮಾಣಿಕವಾದ ಪ್ರಶ್ನೆಗಳ ಪಟ್ಟಿಯಾದರೂ ಅದರಲ್ಲಿ ಅವಳಿಗೆ ಗೊತ್ತಿಲ್ಲದ ಎರಡು ಸಿಕ್ಕೇ ಸಿಗುತ್ತವೆ, ರಾತ್ರಿ ಆ ಎರಡರ ಹಿಂದೆ ಹೋಗುತ್ತದೆ. ಇನ್ನೊಂದು, ಅವಳ ಫೋಟೋ ಹಾಕಿ ವಾಟ್ಸ್ಆ್ಯಪ್ ಸ್ಟೇಟಸ್. ಎರಡನೇ ಸಲ ಬರೆಯುತ್ತಿರುವುದನ್ನು ಅವಳು ಎಷ್ಟು ಜನರಿಗೆ ಹೇಳಿದ್ದಾಳೋ ನಿಮಗೆ ಗೊತ್ತಿಲ್ಲ. ಸ್ಟೇಟಸ್ ನೋಡಿದ ಇನ್ನೂರು ಮಂದಿ ಫಲಿತಾಂಶದ ದಿನ ಕಾಯುತ್ತಾರೆ.

ಇಂಟರ್‌ವ್ಯೂ ಆದರೆ?

ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಕರಾವಳಿ ಇದು. ಬ್ಯಾಂಕ್ ಕೆಲಸದ ಇಂಟರ್‌ವ್ಯೂಗೆ ಹೊರಟ ಗೆಳೆಯನೊಬ್ಬ ಇಲ್ಲಿ ಎಲ್ಲರಿಗೂ ಇದ್ದೇ ಇರುತ್ತಾನೆ. ಐಬಿಪಿಎಸ್ ಪ್ರೊಬೇಷನರಿ ಆಫೀಸರ್ ಹುದ್ದೆಗೆ ಕೊನೆಯ ಲೆಕ್ಕದಲ್ಲಿ ಮುಖ್ಯ ಪರೀಕ್ಷೆಗೆ 80, ಇಂಟರ್‌ವ್ಯೂಗೆ 20ರ ಪಾಲು. ಇದನ್ನು ಹಿಡಿದುಕೊಂಡು ‘ಇನ್ನು ಇಪ್ಪತ್ತೇ ಅಲ್ವಾ, ಎಂತ ದೊಡ್ಡದಲ್ಲ’ ಎನ್ನುವವರುಂಟು. ಇಂಟರ್‌ವ್ಯೂನಲ್ಲಿ ಕನಿಷ್ಠ ಅಂಕ ಬಾರದಿದ್ದರೆ ಆ 80 ಕೂಡ ಕೈಗೆ ಬರುವುದಿಲ್ಲ, ಅದು ಅವನಿಗೆ ಗೊತ್ತು. ಅವನ ಭಯವನ್ನು ಸಣ್ಣದು ಮಾಡಿದರೆ ಅವನಿಗೆ ಆಗುವುದು ಒಂಟಿತನ, ಸಮಾಧಾನ ಅಲ್ಲ.

ಪರೀಕ್ಷೆಗೂ ಇಂಟರ್‌ವ್ಯೂಗೂ ಎರಡು ವ್ಯತ್ಯಾಸಗಳಿವೆ. ಇಲ್ಲಿ ಒಳಗೆ ಕರೆಯುವ ಹೊತ್ತು ನಿಖರವಾಗಿ ಗೊತ್ತಿರುವುದಿಲ್ಲ. ಕೆಲವೊಮ್ಮೆ ಮೊಬೈಲ್ ಕೈಯಲ್ಲೇ ಇಟ್ಟುಕೊಂಡು ಗಂಟೆಗಟ್ಟಲೆ ಕೂತಿರಬೇಕಾಗುತ್ತದೆ. ‘ಒಳಗೆ ಹೋದ್ಯಾ?’ ‘ಆಯ್ತಾ?’ ಎಂದು ನಡುವೆ ಕೇಳುತ್ತಿದ್ದರೆ ಆ ಕಾಯುವಿಕೆಗೆ ನೀವು ಗಡಿಯಾರ ಕಟ್ಟಿದಂತೆ.

ಎರಡನೆಯದಾಗಿ, ಇಲ್ಲಿ ಮಾತೇ ಪರೀಕ್ಷೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮೊದಲು ‘ನನಗೆ ಉತ್ಸಾಹವಾಗುತ್ತಿದೆ’ ಎಂದು ಹೇಳಿಕೊಂಡವರು ‘ನಾನು ಶಾಂತವಾಗಿದ್ದೇನೆ’ ಎಂದು ಹೇಳಿಕೊಂಡವರಿಗಿಂತ ಹೆಚ್ಚು ಹೊತ್ತು ಮಾತಾಡಿದರು, ಕೇಳಿದವರಿಗೆ ಹೆಚ್ಚು ಮನವರಿಕೆಯಾಗುವಂತೆ ಮಾತಾಡಿದರು. ಬಡಿಯುವ ಎದೆಯನ್ನು ಸುಮ್ಮನಾಗಿಸುವುದಕ್ಕಿಂತ ಅದಕ್ಕೆ ಬೇರೆ ಹೆಸರು ಕೊಡುವುದು ಸುಲಭ. ಹಾಗಾಗಿ ‘ಕೂಲ್ ಆಗಿರು’ ಎನ್ನುವ ಬದಲು ಹೀಗೆ ಬರೆಯಬಹುದು:

“ನಾಳೆ ಎದೆ ಡವಡವ ಅಂದ್ರೆ ಅನ್ಲಿ ಮಾರಾಯ. ಕಾಲೇಜ್ ಡೇಗೆ ಸ್ಟೇಜ್ ಹತ್ತುವ ಮೊದ್ಲು ಕೂಡ ನಿಂಗೆ ಹಾಗೇ ಆಗ್ತಿತ್ತು, ಆಮೇಲೆ ನಿನ್ನ ಕೈಯಿಂದ ಮೈಕ್ ತೆಗೀಲಿಕ್ಕೆ ನಾವು ಒದ್ದಾಡ್ಬೇಕಿತ್ತು. ಫೋನ್ ಮಾಡುದಿಲ್ಲ, ನಿಂಗೆ ಪುರುಸೊತ್ತಾದಾಗ ಮಾಡು.”

ಕಾಲೇಜ್ ಡೇ ನೆನಪು ನಿಜವಾಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಸ್ಟೇಜೆಂದರೆ ಓಡಿಹೋಗುವ ಗೆಳೆಯನಿಗೆ ಬೇರೆ ನೆನಪು ಹುಡುಕಬೇಕು.

ಮೆಸೇಜು ಸಾಲದ ಸಂದರ್ಭ

ಮುನ್ನಾದಿನದ ಭಯ ಸಾಮಾನ್ಯ. ಆದರೆ ಹಲವು ದಿನಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ‘ಇದು ಆಗದಿದ್ದರೆ ನಾನು ಇದ್ದು ಏನು’ ಎಂಬಂಥ ಮಾತು ಬಂತು ಎಂದಾದರೆ ಯಾವ ಹಾರೈಕೆಯೂ ಸಾಲದು. ಹೋಗಿ ನೋಡಿ, ಒಂಟಿಯಾಗಿ ಬಿಡಬೇಡಿ, ಮನೆಯ ಹಿರಿಯರೊಬ್ಬರಿಗೆ ತಿಳಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕಷ್ಟದಲ್ಲಿರುವವರೇ ಕರೆ ಮಾಡಬೇಕೆಂದಿಲ್ಲ, ಹೇಗೆ ನೆರವಾಗಲಿ ಎಂದು ಗೆಳೆಯರಾದ ನೀವೂ ಕೇಳಬಹುದು.

ಐದು ಗಂಟೆಯ ನಂತರ

ಹಾರೈಸುವವರ ಪಾಲಿನ ನಿಜವಾದ ಪರೀಕ್ಷೆ ಗೇಟು ತೆರೆದಾಗ ಶುರುವಾಗುತ್ತದೆ. 2025ರಲ್ಲಿ ಫಿಸಿಕ್ಸ್ ಭಾಗ ತೀರಾ ಕಷ್ಟವಾಗಿತ್ತೆಂದು ದೇಶದೆಲ್ಲೆಡೆ ವಿದ್ಯಾರ್ಥಿಗಳು ಬೇಸರದಿಂದ ಹೊರಬಂದರು. ಅಂಥ ದಿನ ‘ಹೇಗಾಯ್ತು?’ ‘ಎಷ್ಟು ಬರಬಹುದು?’ ಎಂದು ಕೇಳಿದರೆ ಮುನ್ನಾದಿನ ನೀವು ಜಾಗ್ರತೆಯಿಂದ ಬರೆದದ್ದೆಲ್ಲ ನೀರಿಗೆ ಹೋಯಿತು. ಗೇಟಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ಹಸಿವುಂಟಾ?” ಪೇಪರಿನ ಮಾತು ಅವಳೇ ತೆಗೆದರೆ ಕೇಳಿಸಿಕೊಳ್ಳಿ, ಸರಿ ಉತ್ತರ ಹುಡುಕಲು ಮೊಬೈಲ್ ತೆಗೆಯಬೇಡಿ. ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸುವ ಯೋಚನೆಯಿದ್ದರೆ ಅದು ಪೇಪರ್ ಹೇಗೇ ಆಗಿರಲಿ ಸಿಗುವ ಐಸ್‌ಕ್ರೀಮ್ ಆಗಿರಲಿ. ‘ಚೆಂದ ಬರೆದಿದ್ರೆ ಟ್ರೀಟ್’ ಎಂದು ಮೊದಲೇ ಹೇಳಿದ್ದರೆ ಅದೂ ಒಂದು ಷರತ್ತೇ.

2025ರ ಫಲಿತಾಂಶ ಬಂದದ್ದು ಜೂನ್ 14ಕ್ಕೆ, ಪರೀಕ್ಷೆಯಾಗಿ ಸುಮಾರು ಆರು ವಾರದ ಬಳಿಕ. ಆ ಆರು ವಾರ ಅವಳಿಗೆ ಬರುವ ಮೆಸೇಜುಗಳೆಲ್ಲ ಕೀ ಆನ್ಸರ್, ಕಟ್ ಆಫ್, ರ‍್ಯಾಂಕು ಎಂದೇ ಇರುತ್ತವೆ. ನಿಮ್ಮದು ಸಿನಿಮಾ, ಮಳೆ, ಹಳೇ ಲೆಕ್ಚರರ್ ಕತೆ ಏನಾದರೂ ಇರಲಿ. ಫಲಿತಾಂಶದ ದಿನ ಅವಳೇ ಹೇಳುವ ತನಕ ಕೇಳಬೇಡಿ. ಹೇಳಿದ ಮೇಲೆ ಏನು ಬರೆಯಬೇಕೆಂದು ಈಗಲೇ ಸಿದ್ಧ ಮಾಡಿಟ್ಟುಕೊಳ್ಳುವ ಅಗತ್ಯವೂ ಇಲ್ಲ. ಅಷ್ಟು ದಿನ ಮಾರ್ಕು ಕೇಳದೆ ಮಾತಾಡಿದ ಗೆಳತಿಗೆ ಅವತ್ತು ಅವಳು ತಾನಾಗಿಯೇ ಫೋನ್ ಮಾಡುತ್ತಾಳೆ.